ತಂತಿ ಜೋಡಿಸುವ ಮೊದಲು ಓದಬೇಕಾದ ಒಂದು ಪುಟ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಎಲೆಕ್ಟ್ರಾನಿಕ್ ಬೋರ್ಡುಗಳ ವಿನ್ಯಾಸ ನನ್ನ ಹೊಟ್ಟೆಪಾಡಿನ ಕೆಲಸ. ಆ ಬಗ್ಗೆ ಏನಾದರೂ ಮಾತಾಡಿ ಎಂದು ಸಮಿತಿಯವರು ಹೇಳಿದಾಗ, ಯಾವ ವಿಷಯ ಆರಿಸಲಿ ಎಂದು ಇಲ್ಲಿಯ ವಿಜ್ಞಾನ ಶಿಕ್ಷಕರನ್ನೇ ಕೇಳಿದೆ. ಅವರು ಹೇಳಿದ್ದು ಇಷ್ಟು: "ಹಳೆಯ ವಿದ್ಯಾರ್ಥಿಗಳು ಕೊಟ್ಟ ಆರು ಆರ್ಡುಯಿನೋ ಬೋರ್ಡುಗಳಲ್ಲಿ ಮೂರು ಒಂದೇ ವರ್ಷದಲ್ಲಿ ಕೆಟ್ಟಿವೆ. ಯಾಕೆ ಕೆಟ್ಟವು ಅಂತ ಯಾರಿಗೂ ಗೊತ್ತಿಲ್ಲ. ಮಾಲು ಸರಿಯಿಲ್ಲ ಅಂತಾರೆ ಕೆಲವರು. ಕೊನೆಗೆ ಮುಟ್ಟಿದ ಮಗುವಿನ ಮೇಲೆ ತಪ್ಪು ಹೊರಿಸ್ತಾರೆ ಇನ್ನು ಕೆಲವರು. ಈಗ ಉಳಿದ ಮೂರನ್ನ ಮುಟ್ಟೋಕೆ ಮಕ್ಕಳು ಹೆದರ್ತಾರೆ."

ಬೋರ್ಡು ಕೆಟ್ಟರೆ ಹೊಸದು ತರಬಹುದು. ಆದರೆ ಕಾರಣ ಗೊತ್ತಿಲ್ಲದೆ ಒಂದು ಮಗು "ನನ್ನ ಕೈ ಸರಿಯಿಲ್ಲ" ಎಂದು ಹಿಂದೆ ಸರಿದರೆ ಆ ನಷ್ಟ ದೊಡ್ಡದು. ಆದ್ದರಿಂದ ಆ ಬೋರ್ಡುಗಳು ಯಾಕೆ ಕೆಟ್ಟವು ಎಂಬುದನ್ನೇ ಇವತ್ತು ಹೇಳುತ್ತೇನೆ. ಕಾರಣ ಒಂದು ಪುಟದಲ್ಲಿ ಅಚ್ಚಾಗಿದೆ. ಅದನ್ನು ಓದಲು ಹೈಸ್ಕೂಲಿನ ಓಮನ ನಿಯಮ ಸಾಕು.

ಮೊದಲು ಊರಿನ ಹಿರಿಯರಿಗಾಗಿ ಎರಡು ಮಾತು. ಆರ್ಡುಯಿನೋ ಊನೋ ಎಂಬ ಬೋರ್ಡಿನ ಮೇಲೆ ಮೈಕ್ರೋಕಂಟ್ರೋಲರ್ ಎಂಬ ಕಪ್ಪು ಚಿಪ್ ಇರುತ್ತದೆ. ಅದರ ಹೆಸರು ATmega328P. ಅದರ ಕಾಲುಗಳಿಗೆ ಪಿನ್ ಎನ್ನುತ್ತಾರೆ. ನಾವು ಬರೆದ ಪ್ರೋಗ್ರಾಂ ಪ್ರಕಾರ ಒಂದೊಂದು ಪಿನ್ನಿನಲ್ಲಿ 5 ವೋಲ್ಟ್ ಬರುತ್ತದೆ ಅಥವಾ ಸೊನ್ನೆ ಆಗುತ್ತದೆ. ಮಣ್ಣು ಒಣಗಿದೆಯೇ ಎಂದು ನೋಡಿ ಪಂಪ್ ಹಾಕುವುದು, ಕತ್ತಲಾದರೆ ದೀಪ ಹಚ್ಚುವುದು, ಇಂಥ ತೀರ್ಮಾನಗಳನ್ನು ಅದು ಮಾಡಬಲ್ಲದು.

ಇದು ನಮ್ಮ ಕೆರೆಯ ನೀರುಗಂಟಿಯ ಕೆಲಸದ ಹಾಗೆ. ಯಾವ ಗದ್ದೆಗೆ ಯಾವಾಗ ನೀರು ಬಿಡಬೇಕು ಎಂದು ನೀರುಗಂಟಿ ನೋಡಿಕೊಂಡು ತೂಬು ಎತ್ತುತ್ತಾನೆ, ಇಳಿಸುತ್ತಾನೆ. ನೀರನ್ನು ಅವನು ತಲೆಯ ಮೇಲೆ ಹೊತ್ತು ಒಯ್ಯುವುದಿಲ್ಲ. ಚಿಪ್ಪಿನ ಪಿನ್ ಕೂಡ ತೂಬು ಎತ್ತುವಷ್ಟು ಶಕ್ತಿಯದು, ನೀರು ಹೊರುವಷ್ಟರದಲ್ಲ. ಅದರ ಕೈಯಲ್ಲಿ ಎಷ್ಟು ಶಕ್ತಿಯಿದೆ ಎಂಬುದನ್ನು ಚಿಪ್ ಮಾಡಿದವರೇ ಬರೆದು ಕೊಡುತ್ತಾರೆ. ಆ ಬರಹವೇ ಡೇಟಾಶೀಟ್.

ಹೆಸರು ಶೀಟ್ ಎಂದಿದ್ದರೂ ಈ ಚಿಪ್ಪಿನ ಡೇಟಾಶೀಟ್ ನೂರಾರು ಪುಟಗಳ ಪುಸ್ತಕ. ಈ ಚಿಪ್ಪನ್ನು ಮೊದಲು ತಯಾರಿಸುತ್ತಿದ್ದ ಆಟ್ಮೆಲ್ ಕಂಪನಿಯನ್ನು 2016ರಲ್ಲಿ ಮೈಕ್ರೋಚಿಪ್ ಕಂಪನಿ ಕೊಂಡುಕೊಂಡಿತು. ಅವರ ಜಾಲತಾಣದಲ್ಲಿ ಪುಸ್ತಕ ಉಚಿತವಾಗಿ ಸಿಗುತ್ತದೆ. ಅಷ್ಟನ್ನೂ ಓದಬೇಕಾಗಿಲ್ಲ. ಪುಸ್ತಕದೊಳಗೆ Absolute Maximum Ratings ಎಂದು ಹುಡುಕಿ. ವಿದ್ಯುತ್ ಗುಣಗಳ ಅಧ್ಯಾಯದ ಆರಂಭದಲ್ಲೇ ಒಂದು ಚಿಕ್ಕ ಕೋಷ್ಟಕ ಸಿಗುತ್ತದೆ. ಅದರಲ್ಲಿ ನಮ್ಮ ಕೆಲಸಕ್ಕೆ ಬೇಕಾದ ಸಾಲುಗಳು ನಾಲ್ಕೇ.

ಒಂದು, ಚಿಪ್ಪಿಗೆ ಕೊಡುವ ವಿದ್ಯುತ್ತಿನ ಗರಿಷ್ಠ ಮಟ್ಟ 6 ವೋಲ್ಟ್. ಎರಡು, ರೀಸೆಟ್ ಪಿನ್ ಬಿಟ್ಟು ಬೇರೆ ಯಾವ ಪಿನ್ನಿನ ವೋಲ್ಟೇಜೂ ಗ್ರೌಂಡಿಗಿಂತ 0.5 ವೋಲ್ಟ್ ಕೆಳಗೆ ಇಳಿಯಬಾರದು, ಚಿಪ್ಪಿಗೆ ಕೊಟ್ಟ ವೋಲ್ಟೇಜಿಗಿಂತ 0.5 ವೋಲ್ಟ್ ಮೇಲೆ ಏರಬಾರದು. ಮೂರು, ಒಂದು ಪಿನ್ನಿನ ಮೂಲಕ ಹರಿಯುವ ಕರೆಂಟ್ 40 ಮಿಲಿಆಂಪಿಯರ್ ಮೀರಬಾರದು. ನಾಲ್ಕು, ಚಿಪ್ಪಿಗೆ ವಿದ್ಯುತ್ ಬರುವ ಪಿನ್ ಮತ್ತು ಗ್ರೌಂಡ್ ಪಿನ್ನುಗಳಲ್ಲಿ 200 ಮಿಲಿಆಂಪಿಯರ್ ಮೀರಬಾರದು.

ಇಷ್ಟು ಓದಿದ ಮಗು ಸಾಮಾನ್ಯವಾಗಿ ಏನು ತಿಳಿದುಕೊಳ್ಳುತ್ತದೆ? "ಹಾಗಾದರೆ ಪಿನ್ನಿನಿಂದ 40 ಮಿಲಿಆಂಪಿಯರ್ ತೆಗೆಯಬಹುದು" ಎಂದು. ಹಾಗಲ್ಲ. ಕೋಷ್ಟಕದ ಪಕ್ಕದಲ್ಲಿ ಚಿಕ್ಕ ಅಕ್ಷರದ ಒಂದು ಟಿಪ್ಪಣಿ ಇದೆ, ಅದನ್ನು ಓದಲೇಬೇಕು. ಅದರ ಸಾರ ಹೀಗಿದೆ: ಈ ಮಿತಿ ದಾಟಿದರೆ ಚಿಪ್ಪಿಗೆ ಶಾಶ್ವತ ಹಾನಿ ಆಗಬಹುದು, ಈ ಮಿತಿಯ ಮಟ್ಟದಲ್ಲಿ ಚಿಪ್ ಸರಿಯಾಗಿ ಕೆಲಸ ಮಾಡುತ್ತದೆ ಎಂಬ ಭರವಸೆ ಇಲ್ಲ, ಬಹಳ ಹೊತ್ತು ಈ ಮಟ್ಟದಲ್ಲಿ ಇಟ್ಟರೂ ಚಿಪ್ಪಿನ ಬಾಳಿಕೆ ಕೆಡಬಹುದು.

ಬಾವಿಯ ಹಗ್ಗ ಮಾರುವವನು "ನೂರು ಕಿಲೋ ಹಾಕಿದರೆ ಹರಿಯುತ್ತದೆ" ಎಂದರೆ ನಾವು ದಿನಾ ತೊಂಬತ್ತೊಂಬತ್ತು ಕಿಲೋ ಎಳೆಯುವುದಿಲ್ಲ. ಅದು ಹರಿಯುವ ತೂಕ, ಸೇದುವ ತೂಕವಲ್ಲ. ಈ ಕೋಷ್ಟಕದ ಅಂಕಿಗಳೆಲ್ಲ ಹರಿಯುವ ತೂಕಗಳು. ಸೇದುವ ತೂಕ ಬೇಕಾದರೆ ಮುಂದಿನ ಕೋಷ್ಟಕ ನೋಡಬೇಕು. ಅಲ್ಲಿ ಇದೇ ಚಿಪ್ಪನ್ನು 1.8ರಿಂದ 5.5 ವೋಲ್ಟಿನವರೆಗೆ ಬಳಸಿ ಎಂದಿದೆ. 6 ಎಂದಿಲ್ಲ. ಪಿನ್ನಿನ ವಿಷಯದಲ್ಲಿ, 5 ವೋಲ್ಟ್ ಕೊಟ್ಟ ಚಿಪ್ಪಿನ ಪಿನ್ನಿನಿಂದ 20 ಮಿಲಿಆಂಪಿಯರ್ ತೆಗೆದಾಗ ಅಲ್ಲಿ ಕನಿಷ್ಠ 4.2 ವೋಲ್ಟ್ ಉಳಿಯುತ್ತದೆ ಎಂದು ಬರೆದಿದ್ದಾರೆ. ಕಂಪನಿ ಪರೀಕ್ಷಿಸಿ ಮಾತು ಕೊಡುವುದು ಈ 20 ಮಿಲಿಆಂಪಿಯರಿಗೆ. ಆದ್ದರಿಂದ ಮಕ್ಕಳೇ, ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕಾದ ಅಂಕಿ 20. 40 ಎಂಬುದು ಬೇಲಿ. ಬೇಲಿಯ ಮೇಲೆ ಯಾರೂ ನಡೆಯುವುದಿಲ್ಲ.

ಈಗ ನಮ್ಮ ಶಾಲೆಯ ಕೆಟ್ಟ ಬೋರ್ಡುಗಳಲ್ಲಿ ಒಂದಕ್ಕೆ ಬರೋಣ. ಒಂಬತ್ತನೇ ತರಗತಿಯವರು ಗಿಡಕ್ಕೆ ತಾನೇ ನೀರು ಹಾಕುವ ಮಾದರಿ ಮಾಡಿದ್ದರು. ಮಣ್ಣಿನ ತೇವ ನೋಡುವ ಸೆನ್ಸರ್, ಒಂದು ಊನೋ ಬೋರ್ಡ್, ಒಂದು ರಿಲೇ, ಒಂದು 12 ವೋಲ್ಟಿನ ಪುಟ್ಟ ಪಂಪ್. ರಿಲೇ ಎಂದರೆ ವಿದ್ಯುತ್ತಿನಿಂದ ಒತ್ತುವ ಸ್ವಿಚ್. ಒಳಗೆ ತಂತಿಯ ಸುರುಳಿ ಇದೆ. ಅದರಲ್ಲಿ ಕರೆಂಟ್ ಹರಿದರೆ ಅದು ಅಯಸ್ಕಾಂತವಾಗಿ ಸ್ವಿಚ್ಚನ್ನು ಎಳೆದು ಟಕ್ ಎಂದು ಸದ್ದು ಮಾಡುತ್ತದೆ. ಪಂಪಿನ ಕರೆಂಟ್ ಆ ಸ್ವಿಚ್ಚಿನ ಮೂಲಕ ಹೋಗುತ್ತದೆ, ಚಿಪ್ಪಿನ ಮೂಲಕ ಅಲ್ಲ. ಅಷ್ಟರ ಮಟ್ಟಿಗೆ ಮಕ್ಕಳ ಯೋಚನೆ ಸರಿಯಾಗಿಯೇ ಇತ್ತು. ಅಂಗಡಿಯಲ್ಲಿ ಸಿಗುವ ನೀಲಿ ಡಬ್ಬಿಯಂಥ ರಿಲೇಯ ಸುರುಳಿಯ ಒಂದು ತುದಿಯನ್ನು 8ನೇ ಪಿನ್ನಿಗೆ, ಇನ್ನೊಂದನ್ನು ಗ್ರೌಂಡಿಗೆ ನೇರವಾಗಿ ಸೇರಿಸಿದ್ದರು. ಟಕ್ ಎಂದಿತು, ಪಂಪ್ ಓಡಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಕೆಲವು ದಿನಗಳ ನಂತರ 8ನೇ ಪಿನ್ ಸತ್ತಿತ್ತು.

ಆ ರಿಲೇಯ ಮೇಲೆ SRD-05VDC-SL-C ಎಂದು ಅಚ್ಚಾಗಿದೆ. ಅದಕ್ಕೂ ಒಂದು ಡೇಟಾಶೀಟ್ ಇದೆ. ಸುರುಳಿಯ ರೋಧ ಸುಮಾರು 70 ಓಮ್ ಎಂದು ಅದರಲ್ಲಿದೆ. ಹಾಳೆ ಸಿಗದಿದ್ದರೆ ಮಲ್ಟಿಮೀಟರನ್ನು ಓಮಿಗೆ ತಿರುಗಿಸಿ ಸುರುಳಿಯ ಎರಡು ಕಾಲಿಗೆ ಹಿಡಿದರೆ ನಿಮಗೇ ಕಾಣುತ್ತದೆ. ಈಗ ಓಮನ ನಿಯಮ. 5 ವೋಲ್ಟನ್ನು 70ರಿಂದ ಭಾಗಿಸಿದರೆ 0.071 ಆಂಪಿಯರ್, ಅಂದರೆ 71 ಮಿಲಿಆಂಪಿಯರ್. ಸೇದುವ ತೂಕ 20, ಹರಿಯುವ ತೂಕ 40, ನಾವು ಕಟ್ಟಿದ್ದು 71. ತಂತಿ ಮುಟ್ಟಿಸುವ ಮೊದಲೇ, ಒಂದು ಭಾಗಾಕಾರದಿಂದ ಇದು ಗೊತ್ತಾಗುತ್ತಿತ್ತು.

"ಹಾಗಿದ್ದರೆ ಮೊದಲ ದಿನ ಹೇಗೆ ಕೆಲಸ ಮಾಡಿತು ಸಾರ್?" ಎಂದು ಒಬ್ಬ ಹುಡುಗ ನನ್ನನ್ನು ಕೇಳಿದ. ಒಳ್ಳೆಯ ಪ್ರಶ್ನೆ. ಉತ್ತರ ಪಿನ್ನಿನ ಒಳಗಿದೆ. ಪಿನ್ನಿನ ಹಿಂದೆ ಒಂದು ಸಣ್ಣ ಟ್ರಾನ್ಸಿಸ್ಟರ್ ಇದೆ, ಅದಕ್ಕೂ ಸ್ವಲ್ಪ ರೋಧ ಇದೆ. ಅದು 25 ಓಮ್ ಎಂದು ಇಟ್ಟುಕೊಳ್ಳೋಣ. ಆಗ ಒಟ್ಟು ರೋಧ 95 ಓಮ್, ಕರೆಂಟ್ ಸುಮಾರು 53 ಮಿಲಿಆಂಪಿಯರ್. ಸುರುಳಿಗೆ ಸಿಗುವುದು 3.7 ವೋಲ್ಟ್, ಉಳಿದ 1.3 ವೋಲ್ಟ್ ಚಿಪ್ಪಿನೊಳಗೇ ಶಾಖವಾಗಿ ಹೋಗುತ್ತದೆ. ಈ ರಿಲೇ 5 ವೋಲ್ಟಿನ ಮುಕ್ಕಾಲು ಪಾಲು, ಅಂದರೆ 3.75 ವೋಲ್ಟ್ ಸಿಕ್ಕರೆ ಖಂಡಿತ ಎಳೆದುಕೊಳ್ಳುತ್ತದೆ ಎಂದು ಅದರ ತಯಾರಕರು ಹೇಳುತ್ತಾರೆ. ಕೆಲವು ರಿಲೇಗಳು ಅದಕ್ಕಿಂತ ಕಡಿಮೆಗೂ ಎಳೆದುಕೊಳ್ಳುತ್ತವೆ. ಹಾಗಾಗಿ ಒಂದು ರಿಲೇ ಟಕ್ ಎನ್ನುತ್ತದೆ, ಪಕ್ಕದ ಗುಂಪಿನ ರಿಲೇ ಸುಮ್ಮನಿರುತ್ತದೆ. ಎರಡೂ ಗುಂಪಿನ ಪಿನ್ನುಗಳು ಮಾತ್ರ ಮಿತಿ ದಾಟಿ ಬೇಯುತ್ತಿರುತ್ತವೆ. ಇಲ್ಲಿ ಮೋಸ ಮಾಡುವುದು ಆ ಟಕ್ ಎಂಬ ಸದ್ದೇ. ಕೆಲಸ ಮಾಡಿತು ಎಂದ ಮಾತ್ರಕ್ಕೆ ಮಿತಿಯೊಳಗಿದೆ ಎಂದು ಅರ್ಥವಲ್ಲ.

ಇನ್ನೂ ಒಂದು ಹೊಡೆತ ಇದೆ, ಅದು ರಿಲೇ ಆರುವಾಗ ಬೀಳುವುದು. ಓಡುವ ಎತ್ತಿನಗಾಡಿ ಹಗ್ಗ ಎಳೆದ ಕೂಡಲೇ ನಿಲ್ಲುವುದಿಲ್ಲವಲ್ಲ, ಸುರುಳಿಯಲ್ಲಿ ಹರಿಯುವ ಕರೆಂಟೂ ಹಾಗೆಯೇ. ಪ್ರೋಗ್ರಾಂ ಪಿನ್ನನ್ನು ಸೊನ್ನೆಗೆ ಇಳಿಸಿದರೂ ಸುರುಳಿ ಅದೇ ದಿಕ್ಕಿನಲ್ಲಿ ಒಂದು ಕ್ಷಣ ಕರೆಂಟ್ ಎಳೆಯುತ್ತಲೇ ಇರುತ್ತದೆ. ಆಗ ಪಿನ್ ಗ್ರೌಂಡಿಗಿಂತಲೂ ಕೆಳಕ್ಕೆ ಜಗ್ಗಲ್ಪಡುತ್ತದೆ, ಅದೂ ಅರ್ಧ ವೋಲ್ಟಿಗಿಂತ ಹೆಚ್ಚು. ಕೋಷ್ಟಕದ ಎರಡನೇ ಸಾಲು ನೆನಪು ಮಾಡಿಕೊಳ್ಳಿ: ಗ್ರೌಂಡಿಗಿಂತ 0.5 ವೋಲ್ಟ್ ಕೆಳಗೆ ಇಳಿಯಬಾರದು. ಹೀಗೆ ಹಚ್ಚುವಾಗ ಮೂರನೇ ಸಾಲು ಮುರಿಯಿತು, ಆರಿಸುವಾಗ ಎರಡನೇ ಸಾಲು ಮುರಿಯಿತು. ದಿನಕ್ಕೆ ನೂರಾರು ಸಲ ಹಚ್ಚಿ ಆರಿಸಿ ಆಡಿದರೆ ಎಷ್ಟು ಸಲ ಮುರಿದಂತಾಯಿತು ನೋಡಿ. ಆ ಪಿನ್ ಕೊನೆಗೆ ಸತ್ತದ್ದು ಯಾವ ಮಗುವಿನ ಕೈಯಲ್ಲಿ ಎಂಬುದಕ್ಕೆ ಅರ್ಥವೇ ಇಲ್ಲ. ಅದು ಮೊದಲ ದಿನದ ಚಪ್ಪಾಳೆಯಿಂದಲೇ ಸಾಯುತ್ತಾ ಬಂದಿತ್ತು.

ಹಾಗಾದರೆ ರಿಲೇಯನ್ನು ಹೇಗೆ ಸೇರಿಸಬೇಕು? ನೀರುಗಂಟಿಗೂ ತೂಬಿಗೂ ನಡುವೆ ಒಂದು ಸನ್ನೆಕೋಲು ಬೇಕು. ಆ ಸನ್ನೆಕೋಲೇ ಹೊರಗಿನ ಟ್ರಾನ್ಸಿಸ್ಟರ್. PN2222A ಎಂಬುದು ಕೆಲವೇ ರೂಪಾಯಿಗೆ ಸಿಗುವ ಟ್ರಾನ್ಸಿಸ್ಟರ್. ಅದರ ಹಾಳೆಯಲ್ಲೂ ಇದೇ ಹೆಸರಿನ ಕೋಷ್ಟಕ ಇದೆ. ಅದು ತಾಳುವ ಕರೆಂಟ್ 500 ಮಿಲಿಆಂಪಿಯರಿಗೂ ಹೆಚ್ಚು. ನಮಗೆ ಬೇಕಾದದ್ದು 71. ಇದು ನೆಮ್ಮದಿಯ ಅಂತರ.

ಜೋಡಣೆ ಹೀಗೆ. ಸುರುಳಿಯ ಒಂದು ತುದಿ ಬೋರ್ಡಿನ 5 ವೋಲ್ಟಿಗೆ, ಇನ್ನೊಂದು ತುದಿ ಟ್ರಾನ್ಸಿಸ್ಟರಿನ ಕಲೆಕ್ಟರಿಗೆ. ಎಮಿಟರ್ ಗ್ರೌಂಡಿಗೆ. 8ನೇ ಪಿನ್ನಿನಿಂದ ಬೇಸಿಗೆ ನಡುವೆ 680 ಓಮಿನ ರೆಸಿಸ್ಟರ್. ಈಗ ಪಿನ್ನಿನ ಮೇಲಿನ ಹೊರೆ ಲೆಕ್ಕ ಹಾಕೋಣ. ಬೇಸಿನಲ್ಲಿ ಸುಮಾರು 0.7 ವೋಲ್ಟ್ ಇರುತ್ತದೆ. 5ರಲ್ಲಿ 0.7 ಕಳೆದರೆ 4.3. ಅದನ್ನು 680ರಿಂದ ಭಾಗಿಸಿದರೆ ಸುಮಾರು 6.3 ಮಿಲಿಆಂಪಿಯರ್. 71 ಇದ್ದದ್ದು 6.3ಕ್ಕೆ ಇಳಿಯಿತು. ಬೇಸಿಗೆ ಕೊಟ್ಟ ಕರೆಂಟಿನ ಹನ್ನೊಂದು ಪಟ್ಟು ಕರೆಂಟನ್ನು ಟ್ರಾನ್ಸಿಸ್ಟರ್ ಹೊರಬೇಕು. ಇದು ಅದಕ್ಕೆ ಸುಲಭದ ಕೆಲಸ, ಅದು ಪೂರ್ತಿ ತೆರೆದುಕೊಳ್ಳುತ್ತದೆ. ಸುರುಳಿಗೆ 5ಕ್ಕೆ ಹತ್ತಿರದ ವೋಲ್ಟೇಜ್ ಸಿಗುತ್ತದೆ, ಟಕ್ ಎಂಬ ಸದ್ದು ಮೊದಲಿಗಿಂತ ಗಟ್ಟಿಯಾಗಿ ಕೇಳುತ್ತದೆ. ಸುರುಳಿಯ 71 ಮಿಲಿಆಂಪಿಯರ್ ಈಗ ಯುಎಸ್‌ಬಿಯಿಂದ ಬೋರ್ಡಿನ 5 ವೋಲ್ಟ್ ಸಾಲಿನ ಮೂಲಕ ಬರುತ್ತದೆ, ಚಿಪ್ಪಿನ ಒಳಗೆ ಹಾಯುವುದೇ ಇಲ್ಲ.

ಇನ್ನು ಆರುವಾಗಿನ ಹೊಡೆತ. ಟ್ರಾನ್ಸಿಸ್ಟರ್ ಪೂರ್ತಿ ಮುಚ್ಚಿಕೊಂಡಾಗ ಸುರುಳಿಯ ಕರೆಂಟಿಗೆ ದಾರಿಯೇ ಇರುವುದಿಲ್ಲ. ದಾರಿ ಹುಡುಕುತ್ತಾ ಅದು ಕಲೆಕ್ಟರಿನ ವೋಲ್ಟೇಜನ್ನು ಟ್ರಾನ್ಸಿಸ್ಟರಿನ ಮಿತಿ ಮೀರುವಷ್ಟು ಮೇಲೆತ್ತುತ್ತದೆ. ಆದ್ದರಿಂದ ಸುರುಳಿಯ ಎರಡು ತುದಿಗಳ ನಡುವೆ 1N4007 ಡಯೋಡ್ ಒಂದನ್ನು ಹಾಕಿ. ಬಿಳಿ ಪಟ್ಟಿಯಿರುವ ತುದಿ 5 ವೋಲ್ಟಿನ ಕಡೆಗೆ ಇರಬೇಕು. ರಿಲೇ ಹೊತ್ತಿರುವಾಗ ಅದು ಸುಮ್ಮನಿರುತ್ತದೆ. ಆರಿದ ಕ್ಷಣದಲ್ಲಿ ಉಳಿದ ಕರೆಂಟ್ ಸುರುಳಿಯಲ್ಲೇ ಸುತ್ತು ಹಾಕಿ ತಣ್ಣಗಾಗಲು ದಾರಿ ಕೊಡುತ್ತದೆ. ತಿರುಗುಮುರುಗಾಗಿ ಹಾಕಿದರೆ ಮಾತ್ರ ಟ್ರಾನ್ಸಿಸ್ಟರ್ ತೆರೆದ ಕೂಡಲೇ 5 ವೋಲ್ಟಿಗೂ ಗ್ರೌಂಡಿಗೂ ನೇರ ದಾರಿಯಾಗುತ್ತದೆ. ಆದ್ದರಿಂದ ಪಟ್ಟಿಯನ್ನು ಎರಡು ಸಲ ನೋಡಿ. ಟ್ರಾನ್ಸಿಸ್ಟರಿನ ಮೂರು ಕಾಲುಗಳ ಕ್ರಮವೂ ಒಂದೊಂದು ಮಾದರಿಯಲ್ಲಿ ಒಂದೊಂದು ರೀತಿ ಇರುತ್ತದೆ. ಕೈಯಲ್ಲಿರುವುದರ ಹಾಳೆ ನೋಡಿಯೇ ಜೋಡಿಸಿ.

ಅಂಗಡಿಯಲ್ಲಿ ರಿಲೇ ಮಾಡ್ಯೂಲ್ ಎಂದು ಸಿಗುವ ಚಿಕ್ಕ ಹಲಗೆಯ ಮೇಲೆ ಈ ಟ್ರಾನ್ಸಿಸ್ಟರ್, ರೆಸಿಸ್ಟರ್, ಡಯೋಡ್ ಎಲ್ಲ ಮೊದಲೇ ಕೂಡಿಸಿರುತ್ತಾರೆ. ಅದನ್ನು ಪಿನ್ನಿಗೆ ಸೇರಿಸಬಹುದು. ಮಕ್ಕಳು ವೀಡಿಯೋದಲ್ಲಿ ನೋಡುವುದು ಮಾಡ್ಯೂಲನ್ನು, ಅಂಗಡಿಯಿಂದ ತರುವುದು ಬರೀ ರಿಲೇಯನ್ನು. ಎರಡರ ಮೇಲೂ ಇರುವ ನೀಲಿ ಡಬ್ಬಿ ಒಂದೇ ಆದ್ದರಿಂದ ಗೊಂದಲ ಸಹಜ. ನಮ್ಮ ಶಾಲೆಯಲ್ಲೂ ಆದದ್ದು ಇದೇ. ಇನ್ನೊಂದು ಮಾತು: ಆ ಡಬ್ಬಿಯ ಮೇಲೆ 250 ವೋಲ್ಟ್ ಎಂದು ಬರೆದಿದೆ ಎಂದು ಯಾರೂ ಗೋಡೆಯ ಕರೆಂಟನ್ನು ಅದಕ್ಕೆ ಎಳೆಯಬೇಡಿ. ಶಾಲೆಯ ಮಾದರಿಗೆ 12 ವೋಲ್ಟಿನ ಪಂಪೇ ಇರಲಿ.

ಎರಡನೇ ಬೋರ್ಡಿಗೆ ಬರೋಣ. ಅದಕ್ಕೆ ರಿಲೇ ಇರಲಿಲ್ಲ. ಬರೀ ಎಲ್‌ಇಡಿ ದೀಪಗಳು, 5ರಿಂದ 13ರವರೆಗಿನ ಒಂಬತ್ತು ಪಿನ್ನುಗಳಿಗೆ ಒಂಬತ್ತು. ಪ್ರತಿಯೊಂದಕ್ಕೂ 220 ಓಮಿನ ರೆಸಿಸ್ಟರ್ ಹಾಕಿದ್ದರು. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತೆಗೆದುಕೊಳ್ಳುತ್ತದೆ, ಉಳಿದ 3 ವೋಲ್ಟನ್ನು 220ರಿಂದ ಭಾಗಿಸಿದರೆ ಸುಮಾರು 13.6 ಮಿಲಿಆಂಪಿಯರ್. ಒಂದೊಂದು ಪಿನ್ ನೋಡಿದರೆ 20ರ ಒಳಗೇ ಇದೆ. ತಪ್ಪೆಲ್ಲಿ?

ಇದು ಊರಿನ ರೈತರಿಗೆ ನನಗಿಂತ ಚೆನ್ನಾಗಿ ಗೊತ್ತು. ಹೊಲದ ಬದಿಯ 25 ಕೆವಿಎ ಟಿಸಿಗೆ ಐದು ಎಚ್‌ಪಿಯ ನಾಲ್ಕು ಪಂಪ್‌ಸೆಟ್ ಸಲೀಸಾಗಿ ನಡೆಯುತ್ತವೆ. ಪ್ರತಿ ಮೋಟರೂ ತನ್ನ ಮಟ್ಟಿಗೆ ಸರಿಯಾಗಿಯೇ ಇರುತ್ತದೆ, ತಂತಿಯೂ ಸರಿ, ಫ್ಯೂಸೂ ಸರಿ. ಆದರೆ ಏಳೆಂಟು ಮೋಟರುಗಳು ಒಟ್ಟಿಗೇ ಎದ್ದರೆ ಟಿಸಿ ಸುಡುತ್ತದೆ. ಚಿಪ್ಪಿನಲ್ಲೂ ಹಾಗೆಯೇ. ಪಿನ್ನುಗಳೆಲ್ಲ ಒಳಗೆ ಗುಂಪು ಗುಂಪಾಗಿವೆ, ಗುಂಪಿಗೆ ಒಂದು ಮಿತಿ ಇದೆ. ಇದು ಮೊದಲ ಕೋಷ್ಟಕದಲ್ಲಿ ಇಲ್ಲ, ಮುಂದಿನ ಕೋಷ್ಟಕದ ಅಡಿಟಿಪ್ಪಣಿಯಲ್ಲಿದೆ. ಬಹಳ ಜನ ಅದನ್ನು ನೋಡುವುದೇ ಇಲ್ಲ.

ಊನೋ ಬೋರ್ಡಿನ 5ರಿಂದ 13ರವರೆಗಿನ ಪಿನ್ನುಗಳು ಒಂದೇ ಗುಂಪಿಗೆ ಸೇರಿವೆ. ಪಿನ್ನಿನಿಂದ ಕರೆಂಟ್ ಹೊರಗೆ ಹೋಗಿ ದೀಪ ಹೊತ್ತಿ ಗ್ರೌಂಡಿಗೆ ಇಳಿಯುವ ಜೋಡಣೆಯಾದರೆ ಈ ಗುಂಪಿನ ಮೊತ್ತ 150 ಮಿಲಿಆಂಪಿಯರ್ ಮೀರಬಾರದು. ಅದರ ಬದಲು ದೀಪವನ್ನು 5 ವೋಲ್ಟಿಗೆ ಕಟ್ಟಿ ಪಿನ್ನಿನ ಒಳಕ್ಕೆ ಕರೆಂಟ್ ಹರಿಸುವ ಜೋಡಣೆಯಾದರೆ ಮೊತ್ತ 100 ಮೀರಬಾರದು. ಒಂಬತ್ತು ದೀಪಗಳಿಗೆ 13.6ರಂತೆ ಕೂಡಿದರೆ ಸುಮಾರು 122. ಮೊದಲ ರೀತಿಯಲ್ಲಿ ಕಟ್ಟಿದ್ದರೆ ಮಿತಿಯೊಳಗೇ ಇರುತ್ತಿತ್ತು. ಈ ಗುಂಪಿನವರು ಎರಡನೇ ರೀತಿಯಲ್ಲಿ ಕಟ್ಟಿ, ಒಂಬತ್ತನ್ನೂ ಒಟ್ಟಿಗೆ ಗಂಟೆಗಟ್ಟಲೆ ಹೊತ್ತಿಸಿಟ್ಟಿದ್ದರು. ಅದೇ ದೀಪ, ಅದೇ ರೆಸಿಸ್ಟರ್, ಅದೇ ಪಿನ್. ತಿರುಗಿಸಿ ಕಟ್ಟಿದ್ದಕ್ಕೆ ಲೆಕ್ಕ ಬದಲಾಯಿತು. ಆ ಬೋರ್ಡ್ ಕೆಟ್ಟದ್ದಕ್ಕೆ ಇದೊಂದೇ ಕಾರಣ ಎಂದು ನಾನು ಆಣೆ ಇಡುವುದಿಲ್ಲ, ಆದರೆ ಕಾಗದದ ಮೇಲೆ ಮಿತಿ ದಾಟಿದ್ದಂತೂ ಹೌದು. ಪರಿಹಾರ ಸುಲಭ. 220ರ ಬದಲು 470 ಓಮ್ ಹಾಕಿದರೆ ಒಂದಕ್ಕೆ ಸುಮಾರು 6.4, ಒಂಬತ್ತಕ್ಕೆ 57. ಹೇಗೆ ಕಟ್ಟಿದರೂ ಮಿತಿಯೊಳಗೆ. ಈಗಿನ ಎಲ್‌ಇಡಿಗಳು ಅಷ್ಟಕ್ಕೇ ಸಾಕಷ್ಟು ಬೆಳಗುತ್ತವೆ.

ಮೂರನೇ ಬೋರ್ಡಿನ ಕಥೆ ಚಿಕ್ಕದು. ಆಟಿಕೆಯಿಂದ ಕಿತ್ತ ಮೋಟರನ್ನು ನೇರ ಪಿನ್ನಿಗೆ ಕಟ್ಟಿದ್ದರು. ಆ ಮೋಟರನ್ನು ನಾನು ಅಳೆದಾಗ ಸುಮಾರು 5 ಓಮ್ ತೋರಿಸಿತು. ತಿರುಗುವ ಮೊದಲು, ನಿಂತಿರುವ ಗಳಿಗೆಯಲ್ಲಿ, ಅದಕ್ಕೆ 5 ವೋಲ್ಟ್ ಕೊಟ್ಟರೆ ಅದು ಕೇಳುವುದು 1 ಆಂಪಿಯರ್, ಅಂದರೆ ಸಾವಿರ ಮಿಲಿಆಂಪಿಯರ್. ನೀರುಗಂಟಿಯ ತಲೆಯ ಮೇಲೆ ಕೆರೆಯನ್ನೇ ಹೊರಿಸಿದ ಹಾಗೆ.

ಈಗ, ಜೋಡಿಸಿದ ಮೇಲೆ ಮಿತಿಯೊಳಗೆ ಇದ್ದೇವೆಯೇ ಎಂದು ತಿಳಿಯುವುದು ಹೇಗೆ? ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟುಕೊಳ್ಳಿ. ಮೊದಲು ಬೋರ್ಡಿನ 5 ವೋಲ್ಟ್ ನಿಜಕ್ಕೂ 5ರ ಹತ್ತಿರ ಇದೆಯೇ ನೋಡಿ. ನಂತರ ಪಿನ್ ಮೇಲೆ ಇರುವಾಗ, ಲೋಡ್ ಹೊತ್ತಿರುವಂತೆಯೇ, ಪಿನ್ನಿಗೂ ಗ್ರೌಂಡಿಗೂ ನಡುವೆ ಅಳೆಯಿರಿ. 4.8, 4.9 ಬಂದರೆ ಪಿನ್ನಿನ ಮೇಲಿನ ಹೊರೆ ಹಗುರ. 4.2ಕ್ಕಿಂತ ಕೆಳಗೆ ಬಂದರೆ ಡೇಟಾಶೀಟ್ ಮಾತು ಕೊಟ್ಟ 20 ಮಿಲಿಆಂಪಿಯರನ್ನು ದಾಟಿದ್ದೀರಿ ಅಥವಾ ಆ ಪಿನ್ ಆಗಲೇ ಹಾನಿಗೊಂಡಿದೆ. ಕೂಡಲೇ ವಿದ್ಯುತ್ ತೆಗೆಯಿರಿ. ಇವೆರಡರಲ್ಲಿ ಯಾವುದು ಎಂದು ತಿಳಿಯಲು ಲೋಡನ್ನು ಕಳಚಿ ಮತ್ತೆ ಅಳೆಯಿರಿ. ಲೋಡ್ ಇಲ್ಲದಾಗ ಆರೋಗ್ಯವಂತ ಪಿನ್ ಮೇಲೆ ಇರುವಾಗ 5ರ ಹತ್ತಿರ, ಕೆಳಗೆ ಇರುವಾಗ ಸೊನ್ನೆಯ ಹತ್ತಿರ ತೋರಿಸಬೇಕು. ಹಾಗೆ ತೋರಿಸದೆ ಒಂದೇ ಕಡೆ ಅಂಟಿಕೊಂಡಿದ್ದರೆ ಆ ಪಿನ್ ಸತ್ತಿದೆ.

ಒಂದು ಪಿನ್ ಸತ್ತರೆ ಇಡೀ ಬೋರ್ಡು ಸತ್ತಂತಲ್ಲ. ಸತ್ತ ಪಿನ್ನಿಗೆ ಕೆಂಪು ಬಣ್ಣ ಹಚ್ಚಿ, ಉಳಿದವನ್ನು ಒಂದೊಂದಾಗಿ ಪರೀಕ್ಷಿಸಿ, ಸರಿಯಿರುವುದನ್ನು ಕಲಿಕೆಗೆ ಬಳಸಬಹುದು. ನಮ್ಮ ಮೊದಲ ಬೋರ್ಡ್ ಹಾಗೆ ಈಗ ಮತ್ತೆ ಕೆಲಸಕ್ಕೆ ಬಂದಿದೆ. ಚಿಪ್ ಉದ್ದವಾಗಿದ್ದು ಸಾಕೆಟ್ಟಿನಲ್ಲಿ ಕೂತಿದ್ದರೆ ಅದನ್ನು ಮಾತ್ರ ಕಿತ್ತು ಹೊಸದು ಕೂಡಿಸಬಹುದು. ಕೊಳ್ಳುವಾಗ ಊನೋದ ಬೂಟ್‌ಲೋಡರ್ ಹಾಕಿದ ಚಿಪ್ಪೇ ಬೇಕು ಎಂದು ಕೇಳಿ. ಚಿಪ್ ಚಪ್ಪಟೆಯಾಗಿ ಹಲಗೆಗೇ ಬೆಸೆದಿದ್ದರೆ ಅದು ಶಾಲೆಯಲ್ಲಿ ಆಗುವ ಕೆಲಸವಲ್ಲ.

ಇನ್ನು ಒಂದು ಎಚ್ಚರಿಕೆ. ನಾನು ಹೇಳಿದ 20, 40, 100, 150, 200 ಎಂಬ ಅಂಕಿಗಳು ಈ ಒಂದು ಚಿಪ್ಪಿನವು. ನಾಳೆ ಯಾರಾದರೂ ವೈಫೈ ಇರುವ ESP32 ಬೋರ್ಡ್ ತಂದುಕೊಟ್ಟರೆ ಈ ಅಂಕಿಗಳು ಅದಕ್ಕೆ ಹೊಂದುವುದಿಲ್ಲ. ಅದು 3.3 ವೋಲ್ಟಿನ ಚಿಪ್, ಅದರ ವಿದ್ಯುತ್ತಿನ ಗರಿಷ್ಠ ಮಿತಿಯೇ 3.6 ವೋಲ್ಟ್. ಊನೋಗೆ ಸಹಜವಾದ 5 ವೋಲ್ಟ್ ಅದರ ಪಿನ್ನಿಗೆ ಹೆಚ್ಚಾಗುತ್ತದೆ. ಅದರ ಪುಟವನ್ನು ಹೊಸದಾಗಿ ತೆರೆದು ಓದಬೇಕು. ಹಳೆಯ ಚಿಪ್ಪಿನ ಅಂಕಿ ಬಾಯಿಪಾಠ ಮಾಡಿ ಹೊಸ ಚಿಪ್ಪಿಗೆ ತಂತಿ ಕಟ್ಟಬೇಡಿ.

ಶಿಕ್ಷಕರ ಒಪ್ಪಿಗೆ ಪಡೆದು ಪ್ರಯೋಗಾಲಯದ ಗೋಡೆಗೆ ಒಂದು ಹಾಳೆ ಅಂಟಿಸಿದ್ದೇನೆ. ಅದರಲ್ಲಿ ನಾಲ್ಕು ಪ್ರಶ್ನೆಗಳಿವೆ. ಈ ಲೋಡ್ ಎಷ್ಟು ಕರೆಂಟ್ ಕೇಳುತ್ತದೆ, ಹಾಳೆಯಲ್ಲಿ ನೋಡಿದಿರಾ ಅಥವಾ ಅಳೆದು ಭಾಗಿಸಿದಿರಾ? ಅದು 20 ಮಿಲಿಆಂಪಿಯರಿನ ಒಳಗಿದೆಯೇ, ಇಲ್ಲದಿದ್ದರೆ ಟ್ರಾನ್ಸಿಸ್ಟರ್ ಹಾಕಿದಿರಾ? ಒಳಗೆ ಸುರುಳಿ ಇದ್ದರೆ ಡಯೋಡ್ ಹಾಕಿದಿರಾ, ಪಟ್ಟಿ ಯಾವ ಕಡೆ? ಎಲ್ಲ ಪಿನ್ನುಗಳ ಮೊತ್ತ ಕೂಡಿದಿರಾ, ಗುಂಪಿನ ಮಿತಿಯೊಳಗಿದೆಯೇ? ಪ್ರಶ್ನೆಗಳ ಕೆಳಗೆ ಖಾಲಿ ಜಾಗ ಬಿಟ್ಟಿದ್ದೇನೆ. ಪ್ರತಿ ಗುಂಪು ಬೋರ್ಡ್ ತೆಗೆದುಕೊಳ್ಳುವ ಮೊದಲು ತಮ್ಮ ಲೆಕ್ಕವನ್ನು ಅಲ್ಲಿ ಬರೆದು ಹೆಸರು ಹಾಕಲಿ. ಆಮೇಲೆ ಬೋರ್ಡ್ ಕೆಟ್ಟರೂ ಯಾರು ಮುಟ್ಟಿದರು ಎಂದು ಕೇಳುವ ಅಗತ್ಯವಿಲ್ಲ. ಲೆಕ್ಕ ಎಲ್ಲಿ ತಪ್ಪಿತು ಎಂದು ಹುಡುಕಬಹುದು.

ಊಟದ ನಂತರ ಪ್ರಯೋಗಾಲಯದಲ್ಲಿ ಇರುತ್ತೇನೆ. ಮಲ್ಟಿಮೀಟರ್ ತಂದಿದ್ದೇನೆ. ಮನೆಯಲ್ಲಿ ಬಿದ್ದಿರುವ ರಿಲೇ, ಮೋಟರ್, ಬಜರ್ ಏನಿದ್ದರೂ ತನ್ನಿ, ಅದು ಎಷ್ಟು ಕೇಳುತ್ತದೆ ಎಂದು ಅಳೆದು ನೋಡೋಣ.